ಕೆಲಸ ಬಿಟ್ಟು ಪೂರ್ತಿ ಟೈಲರಿಂಗ್‌ಗೆ ಇಳಿಯುವ ಮುನ್ನ: ವರ್ಷದ ಗುರಿಯನ್ನು ಬ್ಲೌಸ್ ಲೆಕ್ಕದಲ್ಲಿ ಬರೆಯುವುದು ಹೇಗೆ

ದಾವಣಗೆರೆಯಲ್ಲಿ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾ, ಸಂಜೆ ಮತ್ತು ಭಾನುವಾರ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. 2025ರ ಮಾರ್ಚ್ ಕೊನೆಗೆ ಕೆಲಸ ಬಿಟ್ಟು ಅಂಗಡಿ ಹಾಕಿದೆ. ಈಗ ನನ್ನ ಹಾಗೆಯೇ ಅರ್ಧ ದಿನ ಹೊಲಿಯುವ ಹೆಣ್ಣುಮಕ್ಕಳು ಬಂದು, "ಅಕ್ಕಾ, ಆರ್ಡರ್ ಚೆನ್ನಾಗಿ ಬರ್ತಾ ಇದೆ, ಕೆಲಸ ಬಿಟ್ಟುಬಿಡ್ಲಾ?" ಎಂದು ಕೇಳುತ್ತಾರೆ. ಆರ್ಡರ್ ಚೆನ್ನಾಗಿ ಬರುತ್ತಿದೆ ಎಂಬುದು ಉತ್ತರದ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲನ್ನು ನಾನು ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದು ಕಂಡುಕೊಂಡೆ. ಬರೆದ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ. ಅಂಕಿಗಳೆಲ್ಲ ನನ್ನವು, ನಿಮ್ಮ ಊರಿನ ಬಾಡಿಗೆ, ನಿಮ್ಮ ಬೀದಿಯ ದರ ಬೇರೆ ಇರುತ್ತವೆ. ಲೆಕ್ಕ ಹಾಕುವ ದಾರಿ ಮಾತ್ರ ಒಂದೇ.

ಮೊದಲು ಮನೆಯ ಅಂಕಿ

ಬಹಳ ಜನ ವರ್ಷದ ಗುರಿ ಎಂದರೆ "ಐದು ಲಕ್ಷದ ವ್ಯಾಪಾರ ಮಾಡಬೇಕು" ಎಂದು ಬರೆಯುತ್ತಾರೆ. ವ್ಯಾಪಾರದ ಅಂಕಿಯಿಂದ ಶುರು ಮಾಡಿದರೆ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ. ಯಾಕೆಂದರೆ ಆ ಐದು ಲಕ್ಷದಲ್ಲಿ ಲೈನಿಂಗ್ ಅಂಗಡಿಯವರದು ಎಷ್ಟು, ಬಾಡಿಗೆಯವರದು ಎಷ್ಟು, ನಮ್ಮ ಅಡುಗೆಮನೆಗೆ ಎಷ್ಟು ಎಂಬುದು ಅದರೊಳಗೇ ಅಡಗಿರುತ್ತದೆ. ನಾನು ಹಿಂದಿನಿಂದ ಬಂದೆ: ಕೆಲಸ ಬಿಟ್ಟರೆ ಮನೆಗೆ ತಿಂಗಳಿಗೆ ಎಷ್ಟು ನಿಲ್ಲುತ್ತದೆ?

ಕೈಗೆ ಬರುತ್ತಿದ್ದ ಸಂಬಳ 16,000. ಅಷ್ಟೇ ಬರೆದು ಮುಂದೆ ಹೋಗಬೇಡಿ. ಸಂಬಳದ ಜೊತೆಗೆ ಕಣ್ಣಿಗೆ ಕಾಣದ ಎರಡು ವಿಷಯಗಳಿರುತ್ತವೆ. ಒಂದು, ಪಿ.ಎಫ್.ಗೆ ಕಂಪನಿ ಹಾಕುವ ಪಾಲು. ಇನ್ನೊಂದು ಇ.ಎಸ್.ಐ. ತಿಂಗಳ ವೇತನ 21,000ದ ಒಳಗಿದ್ದವರಿಗೆ ಸಾಮಾನ್ಯವಾಗಿ ಇ.ಎಸ್.ಐ. ಇರುತ್ತದೆ, ಕೆಲಸ ಬಿಟ್ಟ ಮೇಲೆ ಆ ನೆರಳು ಹೆಚ್ಚು ಕಾಲ ಉಳಿಯುವುದಿಲ್ಲ. ಅದರ ಜಾಗಕ್ಕೆ ಆರೋಗ್ಯ ವಿಮೆ ಬೇಕು. ಅದನ್ನು ಕೆಲಸದಲ್ಲಿರುವಾಗಲೇ ಮಾಡಿಸಿ, ಏಕೆಂದರೆ ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗೆ ಸಾಮಾನ್ಯವಾಗಿ ಮೊದಲ 30 ದಿನ ಹಣ ಸಿಗುವುದಿಲ್ಲ, ಹಳೆಯ ಕಾಯಿಲೆಗಳಿಗೆ ಇನ್ನೂ ಹೆಚ್ಚು ಕಾಯಬೇಕು. ಕೆಲಸಕ್ಕೆ ಸೇರಿ ಐದು ವರ್ಷ ತುಂಬಲು ನಾಲ್ಕಾರು ತಿಂಗಳಷ್ಟೇ ಉಳಿದಿದ್ದರೆ ಗ್ರ್ಯಾಚ್ಯುಟಿ ಬಿಟ್ಟುಕೊಡದೆ ಕಾಯಿರಿ.

ವಿಮೆಗೆ ಮತ್ತು ಪಿ.ಎಫ್. ಬದಲಿಗೆ ತೆಗೆದಿಡಲು ತಿಂಗಳಿಗೆ 3,000 ಸೇರಿಸಿದೆ. ಬಸ್ಸಿಗೆ ಖರ್ಚಾಗುತ್ತಿದ್ದ 1,000 ಕಳೆದೆ. ಮನೆಯ ಅಂಕಿ ತಿಂಗಳಿಗೆ 18,000 ಆಯಿತು. ವರ್ಷಕ್ಕೆ 2,16,000. ಇದೇ ನನ್ನ ವರ್ಷದ ಗುರಿಯ ಬುಡ.

ಅಂಗಡಿ ಸುಮ್ಮನೆ ಬಾಗಿಲು ತೆರೆದರೂ ಆಗುವ ಖರ್ಚು

ಒಂದು ಬ್ಲೌಸನ್ನೂ ಹೊಲಿಯದಿದ್ದರೂ ತಿಂಗಳು ಮುಗಿಯುವಷ್ಟರಲ್ಲಿ ಹೋಗುವ ಹಣ ಬೇರೆ, ಬ್ಲೌಸ್ ಹೊಲಿದರೆ ಮಾತ್ರ ಆಗುವ ಖರ್ಚು ಬೇರೆ. ಇವೆರಡನ್ನು ಒಂದೇ ಪುಟದಲ್ಲಿ ಬೆರೆಸಿದರೆ ಎಷ್ಟು ಬ್ಲೌಸಿಗೆ ಖರ್ಚು ಗಿಟ್ಟುತ್ತದೆ ಎಂಬ ಲೆಕ್ಕ ಸಿಗುವುದಿಲ್ಲ.

ಮೊದಲನೆಯ ಗುಂಪಿನಲ್ಲಿ ನನ್ನದು ಬಾಡಿಗೆ 4,500, ಕರೆಂಟು 700, ಮಷೀನ್ ಎಣ್ಣೆ, ಸೂಜಿ, ಕತ್ತರಿ ಸಾಣೆ, ಸರ್ವಿಸ್ ಸೇರಿ 400, ಫೋನು ಮತ್ತು ಬಿಲ್ ಪುಸ್ತಕಕ್ಕೆ 400. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ಮಷೀನಿನ ಸವೆತ. ಪವರ್ ಮಷೀನು, ಓವರ್‌ಲಾಕ್, ಇಸ್ತ್ರಿ, ಕಟಿಂಗ್ ಟೇಬಲ್ ಎಲ್ಲಾ ಸೇರಿ ನನಗೆ 72,000 ಆಗಿತ್ತು. ಆರು ವರ್ಷ ಬಾಳಿಕೆ ಬರುತ್ತವೆ ಎಂದು ಹಿಡಿದರೆ ವರ್ಷಕ್ಕೆ 12,000, ತಿಂಗಳಿಗೆ 1,000. ಈ ಸಾವಿರವನ್ನು ನಾನು ನಿಜವಾಗಿಯೇ ಬೇರೆ ಖಾತೆಗೆ ಹಾಕುತ್ತೇನೆ. ಹಾಗೆ ಮಾಡದವರಿಗೆ ಮಷೀನಿನ ಮೋಟಾರು ಸುಟ್ಟ ದಿನ ಆ ಖರ್ಚು ಒಮ್ಮೆಲೇ ಎದುರು ಬರುತ್ತದೆ, ಅದೂ ಮದುವೆ ಕಾಲದಲ್ಲಿ, ಮಷೀನು ಹೆಚ್ಚು ಓಡುವ ತಿಂಗಳಲ್ಲಿ.

ಒಟ್ಟು 7,000. ಮನೆಯ 18,000 ಸೇರಿದರೆ ತಿಂಗಳಿಗೆ 25,000, ವರ್ಷಕ್ಕೆ 3,00,000. ಈ ಮೂರು ಲಕ್ಷ ಬ್ಲೌಸುಗಳಿಂದ ಬರಬೇಕು.

ಒಂದು ಬ್ಲೌಸಿನಲ್ಲಿ ಉಳಿಯುವುದೆಷ್ಟು, ಮತ್ತು ಗಂಟೆಗೆ ಎಷ್ಟು

ಲೈನಿಂಗ್ ಬ್ಲೌಸಿಗೆ ಆಗ ನಾನು 450 ತೆಗೆದುಕೊಳ್ಳುತ್ತಿದ್ದೆ. ಲೈನಿಂಗ್ ಬಟ್ಟೆ 60, ದಾರ ಮತ್ತು ಹುಕ್ಕು 15, ಕ್ಯಾನ್ವಾಸ್ ಮತ್ತು ಪೈಪಿಂಗ್ 15, ಕವರ್ 5. ಹೆಮ್ಮಿಂಗ್ ಮಾಡಿ ಹುಕ್ಕು ಹಾಕಿ ಕೊಡುವ ಪಕ್ಕದ ಬೀದಿಯ ಅಜ್ಜಿಗೆ 35. ಕೊನೆಗೆ ಹಾಳಾಗುವ ಬಟ್ಟೆಗೆಂದು 10. ರೇಷ್ಮೆ ಸೀರೆಯ ಜೊತೆಗೇ ಬರುವ ಬ್ಲೌಸ್ ಪೀಸ್ ಅಂಗಡಿಯಲ್ಲಿ ಮತ್ತೆ ಸಿಗುವುದಿಲ್ಲ. ಇಸ್ತ್ರಿ ಕಲೆ ಬಿದ್ದರೆ ಅಥವಾ ಕಂಕುಳಲ್ಲಿ ತಪ್ಪಿ ಕತ್ತರಿಸಿದರೆ ಅದಕ್ಕೆ ಹೊಂದುವ ಬಟ್ಟೆ ಹುಡುಕಿ ಕೊಡಿಸುವುದು ನಮ್ಮದೇ ಕೈಯಿಂದ. ವರ್ಷಕ್ಕೆ ಮೂರು ನಾಲ್ಕು ಹೀಗೆ ಆಗಿಯೇ ಆಗುತ್ತವೆ, ಆಗುವುದಿಲ್ಲ ಎನ್ನುವವರನ್ನು ನಾನು ನೋಡಿಲ್ಲ.

ಒಟ್ಟು 140 ಹೋಗಿ 310 ಉಳಿಯಿತು. ಬಾಡಿಗೆ ಕಟ್ಟುವುದು, ಮನೆ ನಡೆಸುವುದು ಎಲ್ಲವೂ ಈ 310ರಿಂದಲೇ.

ಇಲ್ಲಿಯವರೆಗೆ ಸಾಮಾನ್ಯವಾಗಿ ಎಲ್ಲರೂ ಬರುತ್ತಾರೆ. ಇದರ ಮುಂದಿನ ಹೆಜ್ಜೆ ನನ್ನ ಕಣ್ಣು ತೆರೆಸಿತು. ಇಪ್ಪತ್ತು ಬ್ಲೌಸುಗಳಿಗೆ ಕಟಿಂಗ್ ಶುರು ಮಾಡಿದ ಹೊತ್ತು, ಇಸ್ತ್ರಿ ಮುಗಿದ ಹೊತ್ತು ಎರಡನ್ನೂ ಬರೆದೆ. ವಾಪಸ್ ಬಂದು ಬಿಡಿಸಿ ಹೊಲಿದದ್ದರ ಹೊತ್ತನ್ನೂ ಅದಕ್ಕೇ ಸೇರಿಸಿದೆ. ಲೈನಿಂಗ್ ಬ್ಲೌಸಿಗೆ ಸರಾಸರಿ ಒಂದೂಮುಕ್ಕಾಲು ಗಂಟೆ. ಅಂದರೆ ಗಂಟೆಗೆ 177 ರೂಪಾಯಿ. ಸಾದಾ ಬ್ಲೌಸಿಗೆ 250 ತೆಗೆದುಕೊಂಡರೆ 190 ಉಳಿಯುತ್ತದೆ, ಒಂದು ಗಂಟೆಯಲ್ಲಿ ಮುಗಿಯುತ್ತದೆ: ಗಂಟೆಗೆ 190. ಬೆನ್ನಿಗೆ ಡಿಸೈನ್, ಪ್ಯಾಚ್, ಕಟ್ಟುವ ದಾರಕ್ಕೆ ಗೊಂಡೆ ಇರುವ ಬ್ಲೌಸಿಗೆ 800 ತೆಗೆದುಕೊಳ್ಳುತ್ತಿದ್ದೆ, ಸಾಮಾನಿಗೆ 240 ಹೋಗಿ 560 ಉಳಿಯುತ್ತಿತ್ತು. ಅದೇ ನನ್ನ ಹೆಮ್ಮೆಯ ಕೆಲಸ. ಆದರೆ ಅದಕ್ಕೆ ಮೂರೂವರೆ ಗಂಟೆ ಹಿಡಿಯುತ್ತಿತ್ತು. ಗಂಟೆಗೆ 160 ಮಾತ್ರ. ಎಲ್ಲಕ್ಕಿಂತ ದುಬಾರಿ ಬ್ಲೌಸಿನಲ್ಲೇ ನನಗೆ ಎಲ್ಲಕ್ಕಿಂತ ಕಡಿಮೆ ಗಿಟ್ಟುತ್ತಿತ್ತು, ಮದುವೆ ತಿಂಗಳಲ್ಲಿ ಅದನ್ನೇ ಮುಂದೆ ಹಾಕಿಕೊಂಡು ಸಾದಾ ಬ್ಲೌಸಿನವರನ್ನು ವಾಪಸ್ ಕಳಿಸುತ್ತಿದ್ದೆ. ಮುಂದೆ ಡಿಸೈನ್ ಬ್ಲೌಸಿಗೆ 950 ಮಾಡಿದ ಮೇಲೆ ಗಂಟೆಗೆ 200 ದಾಟಿತು.

ಈ ಗಂಟೆಯ ಲೆಕ್ಕವಿಲ್ಲದೆ ದರ ಹಾಕಬೇಡಿ. ಪಕ್ಕದ ಅಂಗಡಿಯವರ ದರ ನೋಡಿ ಹಾಕಿದ ದರ ಅವರ ಕೈ ವೇಗಕ್ಕೆ ಸರಿ, ನಮ್ಮದಕ್ಕೆ ಸರಿಯೋ ಇಲ್ಲವೋ ಗೊತ್ತಾಗುವುದಿಲ್ಲ.

ಎರಡು ಗೆರೆ: ಅಂಗಡಿಯದು, ಮನೆಯದು

ಬ್ರೇಕ್ ಈವನ್ ಎಂದರೆ ಬಂದದ್ದು ಹೋದದ್ದು ಸರಿಸಮ ಆಗುವ ಗೆರೆ. ಭಾಗಾಕಾರ ಸುಲಭ: ತಿಂಗಳ ಕಾಯಂ ಖರ್ಚನ್ನು ಒಂದು ಬ್ಲೌಸಿನಲ್ಲಿ ಉಳಿಯುವ ಹಣದಿಂದ ಭಾಗಿಸಿ.

7,000ವನ್ನು 310ರಿಂದ ಭಾಗಿಸಿದರೆ 22.6, ಅಂದರೆ 23 ಬ್ಲೌಸ್. ಅಷ್ಟು ಹೊಲಿದರೆ ಅಂಗಡಿ ತನ್ನ ಖರ್ಚನ್ನು ತಾನೇ ಹೊರುತ್ತದೆ. ಅನೇಕರು ಈ ಗೆರೆಯನ್ನೇ ನೋಡಿ, "ನನ್ನ ಬ್ರೇಕ್ ಈವನ್ ಆಯಿತು" ಎಂದು ರಾಜೀನಾಮೆ ಬರೆಯುತ್ತಾರೆ. ಸಂಬಳ ಬರುತ್ತಿರುವಾಗ ಈ ಗೆರೆ ಸಾಕು. ಬಿಟ್ಟ ಮೇಲೆ ಬೇಕಾದದ್ದು ಎರಡನೆಯ ಗೆರೆ: 25,000ವನ್ನು 310ರಿಂದ ಭಾಗಿಸಿದರೆ 81 ಬ್ಲೌಸ್. ವರ್ಷಕ್ಕೆ 968.

ಈಗ ಕೈ ತಾಕತ್ತನ್ನು ಪಕ್ಕದಲ್ಲಿಟ್ಟು ನೋಡಿ. ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆದು ರಾತ್ರಿ ಎಂಟಕ್ಕೆ ಮುಚ್ಚಿದರೂ ಅಳತೆ ತೆಗೆದುಕೊಳ್ಳುವುದು, ಮಾತು, ಟ್ರಯಲ್, ಊಟ, ಕರೆಂಟು ಹೋಗುವುದು ಎಲ್ಲಾ ಕಳೆದು ಮಷೀನ್ ಮತ್ತು ಕಟಿಂಗ್ ಟೇಬಲ್ ಮುಂದೆ ಸಿಗುವುದು ಆರು ಗಂಟೆಯ ಆಸುಪಾಸು. ದಿನಕ್ಕೆ ಮೂರೂವರೆ ಬ್ಲೌಸ್. ತಿಂಗಳಿಗೆ 25 ದಿನ ಎಂದರೆ 87.

ಬೇಕಾದದ್ದು 81, ಆಗುವುದು 87. ಕಾಗದದ ಮೇಲೆ ಪಾಸು. ಆದರೆ ಒಂದು ವಾರ ಜ್ವರ ಬಂದರೆ, ಒಂದು ಆಷಾಢ ಬಂದರೆ ಈ ಲೆಕ್ಕ ನೆಲಕ್ಕೆ ಬೀಳುತ್ತದೆ. ಎರಡನೆಯ ಗೆರೆ ನಿಮ್ಮ ತಾಕತ್ತಿನ ಐದರಲ್ಲಿ ನಾಲ್ಕು ಭಾಗವನ್ನು ಮೀರಿದರೆ ಕೆಲಸ ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ. 87ರ ಐದರಲ್ಲಿ ನಾಲ್ಕು ಭಾಗ ಎಂದರೆ ಸುಮಾರು 70 ಅಂದುಕೊಳ್ಳಿ. ನಾನು 81ರಲ್ಲಿದ್ದೆ.

ಕೆಳಗಿಳಿಸಲು ದಾರಿ ಎರಡು. ಖರ್ಚು ಕಡಿಮೆ ಮಾಡುವುದು, ಇಲ್ಲವೇ ದರ ಏರಿಸುವುದು. ನಾನು ಲೈನಿಂಗ್ ಬ್ಲೌಸಿನ ದರವನ್ನು 450ರಿಂದ 500ಕ್ಕೆ ಏರಿಸಿದೆ. ಸಾಮಾನಿನ ಖರ್ಚು ಅಷ್ಟೇ ಇರುವುದರಿಂದ ಆ ಐವತ್ತೂ ಉಳಿಕೆಗೇ ಸೇರಿತು: ಈಗ 360. ತಿಂಗಳ ಗೆರೆ 81ರಿಂದ 70ಕ್ಕೆ ಇಳಿಯಿತು, ವರ್ಷದ್ದು 968ರಿಂದ 834ಕ್ಕೆ. ಐವತ್ತು ರೂಪಾಯಿಯಿಂದ ವರ್ಷಕ್ಕೆ 134 ಬ್ಲೌಸ್ ಕಡಿಮೆ ಹೊಲಿದರೆ ಸಾಕಾಯಿತು. ಬೇರೆ ರೀತಿ ಹೇಳಬೇಕೆಂದರೆ, ಹಳೆಯ ನೂರು ಬ್ಲೌಸಿನಲ್ಲಿ ಹದಿಮೂರು ಬೇರೆ ಕಡೆ ಹೋದರೂ ನನಗೆ ಮೊದಲಿನಷ್ಟೇ ಉಳಿಯುತ್ತಿತ್ತು.

ಈ ಏರಿಕೆಯನ್ನು ಸಂಬಳ ಬರುತ್ತಿರುವಾಗಲೇ ಮಾಡಿ. ನಾನು 2024ರಲ್ಲಿ, ಇನ್ನೂ ಕೆಲಸದಲ್ಲಿರುವಾಗ ಮಾಡಿದೆ. ಯಾರು ಹೋಗುತ್ತಾರೆ, ಯಾರು ಗೊಣಗಿದರೂ ಬಟ್ಟೆ ಕೊಟ್ಟು ಹೋಗುತ್ತಾರೆ ಎಂದು ಆರು ತಿಂಗಳು ನೋಡಲು ಸಮಯ ಸಿಕ್ಕಿತು.

ಗುರಿಯನ್ನು ಬರೆಯುವಾಗ ಎಲ್ಲವನ್ನೂ ಲೈನಿಂಗ್ ಬ್ಲೌಸಿಗೆ ಬದಲಿಸಿಕೊಳ್ಳುತ್ತೇನೆ. ಡಿಸೈನ್ ಬ್ಲೌಸ್ ಒಂದನ್ನು ಎರಡು ಎಂದೂ, ಸಾದಾ ಬ್ಲೌಸನ್ನು ಅರ್ಧ ಎಂದೂ ಎಣಿಸುತ್ತೇನೆ. ಉಳಿಯುವ ಹಣದ ಲೆಕ್ಕಕ್ಕೆ ಇದು ಹೆಚ್ಚು ಕಡಿಮೆ ಸರಿಹೊಂದುತ್ತದೆ, ದಿನದ ಕೊನೆಗೆ ಒಂದೇ ಅಂಕಿ ಬರೆದರೆ ಸಾಕು.

ಹನ್ನೆರಡರಿಂದ ಭಾಗಿಸಬೇಡಿ, ಪಂಚಾಂಗ ತೆಗೆಯಿರಿ

834ನ್ನು 12ರಿಂದ ಭಾಗಿಸಿ ಪ್ರತಿ ತಿಂಗಳಿಗೆ 70 ಎಂದು ಬರೆದರೆ ಜುಲೈನಲ್ಲಿ ಧೈರ್ಯ ಹೋಗುತ್ತದೆ, ಮೇನಲ್ಲಿ ಮೈಮರೆವು ಬರುತ್ತದೆ. ಬ್ಲೌಸ್ ಹೊಲಿಸುವುದು ಮದುವೆಗೆ, ಹಬ್ಬಕ್ಕೆ. ಹಾಗಾಗಿ ತಿಂಗಳ ಗುರಿ ಹಾಕುವ ಮುನ್ನ ಪಂಚಾಂಗದ ಮುಹೂರ್ತದ ಪುಟ ನೋಡಲೇಬೇಕು. ಆಷಾಢದಲ್ಲಿ ಮದುವೆ ಇಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಆಗಲೂ ಇಲ್ಲ. ಪಿತೃಪಕ್ಷದಲ್ಲಿ ಹೊಸ ಬಟ್ಟೆಯ ಮಾತೇ ಎತ್ತುವುದಿಲ್ಲ. ಏಪ್ರಿಲ್, ಮೇ ಮದುವೆಗಳು, ಶ್ರಾವಣದಲ್ಲಿ ವರಮಹಾಲಕ್ಷ್ಮಿ, ನವರಾತ್ರಿ, ದೀಪಾವಳಿ, ತುಳಸಿ ಹಬ್ಬ ಕಳೆದ ಮೇಲೆ ಮತ್ತೆ ಮದುವೆಗಳು.

ಮೊದಲ ಪೂರ್ಣ ವರ್ಷಕ್ಕೆ, 2025ರ ಏಪ್ರಿಲ್‌ನಿಂದ, ನಾನು ಗೋಡೆಗೆ ಅಂಟಿಸಿದ್ದು ಹೀಗಿತ್ತು:

| ತಿಂಗಳು | ಬ್ಲೌಸ್ | ತಿಂಗಳು | ಬ್ಲೌಸ್ |
|---|---|---|---|
| ಏಪ್ರಿಲ್ | 85 | ಅಕ್ಟೋಬರ್ | 80 |
| ಮೇ | 95 | ನವೆಂಬರ್ | 80 |
| ಜೂನ್ | 60 | ಡಿಸೆಂಬರ್ | 55 |
| ಜುಲೈ | 65 | ಜನವರಿ | 45 |
| ಆಗಸ್ಟ್ | 85 | ಫೆಬ್ರವರಿ | 60 |
| ಸೆಪ್ಟೆಂಬರ್ | 70 | ಮಾರ್ಚ್ | 55 |

ಒಟ್ಟು 835. ಮೇ ತಿಂಗಳ 95 ನನ್ನ 87ನ್ನು ಮೀರುತ್ತದೆ, ಅದಕ್ಕೆ ಮೂರು ಭಾನುವಾರ ಅಂಗಡಿ ತೆರೆಯುವುದೆಂದು ಮೊದಲೇ ಗುರುತು ಹಾಕಿದ್ದೆ. ಜುಲೈ ಮೊದಲ ಹದಿನೈದು ದಿನ ಖಾಲಿ ಇದ್ದರೂ ಕೊನೆಯಲ್ಲಿ ತುಂಬುತ್ತದೆ, ಏಕೆಂದರೆ ಹಬ್ಬದ ಆರ್ಡರ್ ಎರಡು ಮೂರು ವಾರ ಮೊದಲೇ ಬರುತ್ತದೆ.

ಈ ಪಟ್ಟಿಯನ್ನು ಹಣಕ್ಕೆ ತಿರುಗಿಸಿ. ಏಪ್ರಿಲ್‌ನಿಂದ ನವೆಂಬರ್‌ವರೆಗೆ 620 ಬ್ಲೌಸ್, 2,23,200 ರೂಪಾಯಿ. ಆ ಎಂಟು ತಿಂಗಳಿಗೆ ಬೇಕಾದದ್ದು ಎರಡು ಲಕ್ಷ. 23,200 ಹೆಚ್ಚು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 215 ಬ್ಲೌಸ್, 77,400. ಬೇಕಾದದ್ದು ಒಂದು ಲಕ್ಷ. 22,600 ಕೊರತೆ. ಅಂದರೆ ನವೆಂಬರ್ ಕೊನೆಗೆ ಖಾತೆಯಲ್ಲಿ ಕಾಣುವ ಹೆಚ್ಚಿನ ಹಣ ಲಾಭವೇ ಅಲ್ಲ, ಅದು ಚಳಿಗಾಲದ ನಾಲ್ಕು ತಿಂಗಳ ಅಕ್ಕಿ ಬೇಳೆ. ದೀಪಾವಳಿಗೆ ಅದರಲ್ಲಿ ಹೊಸ ಶೋಕೇಸ್ ಮಾಡಿಸಿದವರು ಫೆಬ್ರವರಿಯಲ್ಲಿ ಬಾಡಿಗೆಗೆ ಕೈಗಡ ಕೇಳುತ್ತಾರೆ.

ಇದರಿಂದಲೇ ಕೆಲಸ ಬಿಡುವ ತಿಂಗಳೂ ನಿಕ್ಕಿಯಾಗುತ್ತದೆ. ಮಾರ್ಚ್ ಕೊನೆಗೆ ಬಿಟ್ಟರೆ ಶುರುವಿನಲ್ಲೇ ಹಣ ಹೆಚ್ಚಾಗುತ್ತಾ ಹೋಗುತ್ತದೆ. ಅದೇ ಅಂಗಡಿ, ಅದೇ ಕೈ, ಅದೇ ಗಿರಾಕಿಗಳನ್ನಿಟ್ಟುಕೊಂಡು ನವೆಂಬರ್ ಕೊನೆಗೆ ಬಿಟ್ಟರೆ ಮೊದಲ ನಾಲ್ಕು ತಿಂಗಳಲ್ಲೇ 22,600 ಕೈಯಿಂದ ಹೋಗುತ್ತದೆ.

ಒಂದು ಎಚ್ಚರಿಕೆ. ಹೋದ ವರ್ಷದ ತಿಂಗಳ ಅಂಕಿಯನ್ನು ಹಾಗೇ ಈ ವರ್ಷಕ್ಕೆ ನಕಲು ಮಾಡಬೇಡಿ. ನಾನು 2023ರಲ್ಲಿ ಹಾಗೆ ಮಾಡಿ ಪೆಟ್ಟು ತಿಂದೆ. ಆ ವರ್ಷ ಅಧಿಕ ಶ್ರಾವಣ ಬಂತು, ವರಮಹಾಲಕ್ಷ್ಮಿ ಆಗಸ್ಟ್ 25ಕ್ಕೆ ಹೋಯಿತು. ಆಗಸ್ಟ್ ಮೊದಲ ವಾರದಲ್ಲೇ ನೂಕುನುಗ್ಗಲು ಎಂದು ಜುಲೈನಲ್ಲಿ ಲೈನಿಂಗ್ ಬಟ್ಟೆ, ದಾರ ಎಂದು 9,000 ಹಾಕಿದ್ದೆ. ಮೂರು ವಾರ ಯಾರೂ ಬರಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಬಂದು "ಅಕ್ಕಾ, ಶುಕ್ರವಾರಕ್ಕೆ ಬೇಕೇ ಬೇಕು" ಎಂದರು. ಸಂಬಳ ಬರುತ್ತಿದ್ದರಿಂದ ಮನೆ ನಡೆಯಿತು. 2024ರಲ್ಲಿ ಹಬ್ಬ ಆಗಸ್ಟ್ 16ಕ್ಕೆ, 2025ರಲ್ಲಿ 8ಕ್ಕೆ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ ಇದೆ, ಅಧಿಕ ಮಾಸದಲ್ಲಿ ಮದುವೆ ಮಾಡುವುದಿಲ್ಲ. ಹಾಗಾಗಿ ನನ್ನ ಪಟ್ಟಿಯ ಮೇ ತಿಂಗಳ 95 ಆ ವರ್ಷಕ್ಕೆ ನಿಲ್ಲುವುದಿಲ್ಲ. ಅದನ್ನು 65ಕ್ಕೆ ಇಳಿಸಿ, ಒಂದಷ್ಟನ್ನು ಏಪ್ರಿಲ್‌ಗೂ ಜೂನ್ ಕೊನೆಗೂ ಹಂಚಿ, ಆಷಾಢ ಮುಂದಕ್ಕೆ ಹೋಗುವುದರಿಂದ ಆಗಸ್ಟ್ ಮೊದಲ ಭಾಗವನ್ನು ಖಾಲಿ ಎಂದೇ ಹಿಡಿಯಬೇಕು.

ಬ್ಲೌಸ್ ಗುರಿಯನ್ನು ಮನೆಗಳ ಗುರಿ ಮಾಡುವುದು

834 ಬ್ಲೌಸ್ ಎಂದು ಗೋಡೆಗೆ ಬರೆದರೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತಿಳಿಯುವುದಿಲ್ಲ. ನನ್ನ ಅಳತೆ ಪುಸ್ತಕ ನೋಡಿದೆ. 2024ರ ಏಪ್ರಿಲ್‌ನಿಂದ ಒಂದು ವರ್ಷದಲ್ಲಿ 90 ಮನೆಗಳವರು 540 ಬ್ಲೌಸ್ ಹೊಲಿಸಿದ್ದರು, ಮನೆಗೆ ಆರು. ಹಾಗಾದರೆ 834ಕ್ಕೆ ಬೇಕಾದದ್ದು 139 ಮನೆ. ಇನ್ನೂ 49 ಮನೆ ಬೇಕು. ತಿಂಗಳಿಗೆ ನಾಲ್ಕು ಹೊಸ ಮನೆ ಎಂಬುದು ಕೈಗೆ ಹಿಡಿಯಲು ಸಿಗುವ ಗುರಿ.

ಹೊಸಬರು ಒಮ್ಮೆಗೇ ಐದು ಬ್ಲೌಸ್ ತಂದರೆ ಖುಷಿಯಿಂದ ಐದನ್ನೂ ಕತ್ತರಿಸಬೇಡಿ. ಅಳತೆ ಬ್ಲೌಸ್ ಕೊಟ್ಟಿದ್ದರೂ ಭುಜ, ಕಂಕುಳು ಕೂರುವುದು ಮೈಮೇಲೆ ಹಾಕಿ ನೋಡಿದಾಗಲೇ ಗೊತ್ತಾಗುವುದು. ಒಂದನ್ನು ಹೊಲಿದು ಕೊಟ್ಟು, ಸರಿಯಿದೆ ಎಂದ ಮೇಲೆ ಉಳಿದ ನಾಲ್ಕನ್ನು ಕತ್ತರಿಸಿ. ಐದೂ ಬಿಗಿಯಾಗಿ ವಾಪಸ್ ಬಂದರೆ ಒಂದು ದಿನದ ಕೆಲಸ ಹೋಗುತ್ತದೆ, ಆ ಮನೆಯೂ ಹೋಗುತ್ತದೆ. ಹೊಸ ಮನೆಗಳನ್ನು ಜೂನ್, ಜನವರಿಯಂಥ ಸಪ್ಪೆ ತಿಂಗಳಲ್ಲಿ ಹಿಡಿಯಲು ನೋಡಿ, ಟ್ರಯಲ್‌ಗೆ ಆಗ ಸಮಯ ಇರುತ್ತದೆ.

ಬಂಡವಾಳ ಎಲ್ಲಿಂದ

ಮಷೀನುಗಳಿಗೆ 72,000, ಅಂಗಡಿ ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ 45,000. ಇದರ ಮೇಲೆ ಮೂರು ತಿಂಗಳ ಪೂರ್ತಿ ಖರ್ಚು, 75,000, ಮುಟ್ಟದೆ ಇಡುವ ಗಂಟು. ಮೂರು ತಿಂಗಳು ಯಾಕೆಂದರೆ, ಈ ಕೆಲಸದಲ್ಲಿ ಬಂಡವಾಳ ನಮ್ಮ ಬೆನ್ನು ಮತ್ತು ಮಣಿಕಟ್ಟು. ಕೈ ಮುರಿದರೆ ಆರು ವಾರ ಆದಾಯವೇ ಇಲ್ಲ, ಬಾಡಿಗೆ ಮಾತ್ರ ಇರುತ್ತದೆ.

ನಾನು ಮಷೀನುಗಳನ್ನು ಎರಡು ವರ್ಷದ ಸಂಬಳ ಮತ್ತು ಸಂಜೆಯ ಹೊಲಿಗೆ ಹಣದಿಂದ ಒಂದೊಂದಾಗಿ ಕೊಂಡೆ. ಸಾಲದ ಬಗ್ಗೆಯೂ ಲೆಕ್ಕ ಹಾಕಿದ್ದೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಸೇರಿರುವ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಉಪಕರಣಕ್ಕೆ 15,000ದವರೆಗೆ ನೆರವು, ಶೇಕಡಾ 5 ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ ಇದೆ. ಬಡ್ಡಿ ನಿಜಕ್ಕೂ ಕಡಿಮೆ. ಆದರೆ ಒಂದು ಲಕ್ಷವನ್ನು 18 ತಿಂಗಳಲ್ಲಿ ತೀರಿಸಬೇಕಾದರೆ ಕಂತು ತಿಂಗಳಿಗೆ ಸುಮಾರು 5,800 ಆಗುತ್ತದೆ. ಅದನ್ನು 25,000ಕ್ಕೆ ಸೇರಿಸಿ 360ರಿಂದ ಭಾಗಿಸಿ ನೋಡಿ: ತಿಂಗಳ ಗೆರೆ 70ರಿಂದ 86ಕ್ಕೆ ಏರುತ್ತದೆ. ನನ್ನ ತಾಕತ್ತು 87. ಅಂಥ ಸಾಲವನ್ನು ಸಂಬಳ ಬರುತ್ತಿರುವಾಗ ತೆಗೆದು ಸಂಬಳದಿಂದಲೇ ಬಹುಪಾಲು ತೀರಿಸಿದರೆ ಒಳ್ಳೆಯದು. ಬಿಟ್ಟ ತಿಂಗಳೇ ತೆಗೆದರೆ ಹದಿನೆಂಟು ತಿಂಗಳು ಉಸಿರಾಡಲು ಬಿಡುವುದಿಲ್ಲ.

ತೆರಿಗೆಯ ಭಯ ಈ ಮಟ್ಟದಲ್ಲಿ ಬೇಡ. 835 ಬ್ಲೌಸ್ ಎಂದರೆ ವರ್ಷದ ವ್ಯಾಪಾರ 4,17,500. ಸೇವೆಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಾಗುವುದು 20 ಲಕ್ಷ ದಾಟಿದ ಮೇಲೆ.

ಬಿಡುವ ಮುನ್ನ ಒಂದು ವರ್ಷದ ಪರೀಕ್ಷೆ

ಸಂಜೆ ಎರಡೂವರೆ ಗಂಟೆ, ಭಾನುವಾರ ಆರು ಗಂಟೆ ಹೊಲಿದರೆ ವಾರಕ್ಕೆ 12 ಬ್ಲೌಸ್, ತಿಂಗಳಿಗೆ 50ರ ಹತ್ತಿರ. ಅರ್ಧ ದಿನದವರ ಮಿತಿ ಅದು. ಹಾಗಾದರೆ ಕೆಲಸದಲ್ಲಿದ್ದುಕೊಂಡೇ 70 ಬರುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಇದಕ್ಕೆ ನಾನು ನೋಟ್‌ಬುಕ್‌ನಲ್ಲಿ ಇನ್ನೊಂದು ಕಲಂ ಎಳೆದೆ: "ವಾಪಸ್ ಕಳಿಸಿದ್ದು". ಸಮಯವಿಲ್ಲ ಎಂದು ಬೇಡವೆಂದ ಪ್ರತಿ ಬ್ಲೌಸನ್ನೂ ಅಲ್ಲಿ ಬರೆದೆ. ಬೇಡವೆಂದದ್ದನ್ನು ಬರೆದಿಡುವವರು ಕಡಿಮೆ, ಆದರೆ ಕೆಲಸ ಬಿಡಬಹುದೋ ಬಾರದೋ ಎಂಬುದಕ್ಕೆ ಇರುವ ಸಾಕ್ಷಿ ಅದೊಂದೇ.

ವಾಪಸ್ ಹೋದವರೆಲ್ಲ ಅಂಗಡಿ ಹಾಕಿದ ಮೇಲೆ ಬರುವುದಿಲ್ಲ. ಮೂವರಲ್ಲಿ ಇಬ್ಬರು ಎಂದು ಹಿಡಿದೆ. 2024ರ ನವೆಂಬರ್‌ನಲ್ಲಿ ಹೊಲಿದದ್ದು 50, ವಾಪಸ್ ಕಳಿಸಿದ್ದು 42. ಅದರಲ್ಲಿ ಎರಡು ಪಾಲು 28. ಒಟ್ಟು 78, ಗುರಿ 80. ಜನವರಿಯಲ್ಲಿ ಹೊಲಿದದ್ದು 40, ವಾಪಸ್ ಆರು. ಒಟ್ಟು 44, ಗುರಿ 45. ನವೆಂಬರ್‌ನ ಅಂಕಿ ಸಂತೋಷ ಕೊಟ್ಟಿತು. ನನಗೆ ಧೈರ್ಯ ಕೊಟ್ಟದ್ದು ಜನವರಿಯದು. ಜೋರು ತಿಂಗಳಲ್ಲಿ ಯಾವ ಟೈಲರ್ ಬಳಿಯೂ ಬಟ್ಟೆ ತುಂಬಿರುತ್ತದೆ. ಸಪ್ಪೆ ತಿಂಗಳಲ್ಲೂ ಪಟ್ಟಿಯ ಅಂಕಿ ಮುಟ್ಟಿದರೆ ಬರುತ್ತಿರುವವರು ಬೇರೆಡೆ ಜಾಗ ಸಿಗದೆ ಬಂದವರಲ್ಲ, ನಮ್ಮ ಹೊಲಿಗೆಗೆಂದೇ ಬಂದವರು. ಒಂದು ಜೋರು ತಿಂಗಳು, ಒಂದು ಸಾಧಾರಣ ತಿಂಗಳು, ಒಂದು ಸಪ್ಪೆ ತಿಂಗಳು, ಮೂರರಲ್ಲೂ ಗುರಿಯ ಹತ್ತಿರ ಬರದೆ ರಾಜೀನಾಮೆ ಕೊಡಬೇಡಿ.

ಬಿಟ್ಟ ಮೇಲೆ ತಿಂಗಳ ಲೆಕ್ಕ

ಹೊಲಿದ ಬ್ಲೌಸನ್ನು ಎಣಿಸಬೇಡಿ, ದುಡ್ಡು ಕೊಟ್ಟು ತೆಗೆದುಕೊಂಡು ಹೋದದ್ದನ್ನು ಎಣಿಸಿ. ನನ್ನ ಮೊದಲ ಮೇ ತಿಂಗಳಲ್ಲಿ ಹೊಲಿದದ್ದು 93, ತಿಂಗಳ ಕೊನೆಗೆ ಹ್ಯಾಂಗರಿನಲ್ಲೇ ನೇತಾಡುತ್ತಿದ್ದವು 14. "ಅಕ್ಕಾ, ಸಂಬಳ ಆದ ಮೇಲೆ ತಗೊಂಡ್ ಹೋಗ್ತೀನಿ" ಎಂದವರ ಬಟ್ಟೆಗಳು. ಹದಿನಾಲ್ಕು ಬ್ಲೌಸಿಗೆ 7,000 ರೂಪಾಯಿ, ನನ್ನ ಅಂಗಡಿಯ ಒಂದು ತಿಂಗಳ ಖರ್ಚು ಪೂರ್ತಿ ಅಲ್ಲಿ ನೇತಾಡುತ್ತಿತ್ತು. ಜೂನ್‌ನಿಂದ ಬ್ಲೌಸಿಗೆ 200 ಮುಂಗಡ ಎಂದು ಬೋರ್ಡ್ ಹಾಕಿದೆ. ಲೈನಿಂಗ್, ದಾರ, ಹೆಮ್ಮಿಂಗ್ ಸೇರಿ 140 ನನ್ನ ಕೈಯಿಂದ ಹೋಗುವುದು ನಿಂತಿತು. ಬೇಜಾರು ಮಾಡಿಕೊಂಡು ಹೋದವರು ಇಬ್ಬರು.

ತಿಂಗಳ ಹತ್ತನೆಯ ತಾರೀಖು ಮತ್ತು ಇಪ್ಪತ್ತನೆಯ ತಾರೀಖು ಗುರಿಯನ್ನು ನೋಡುತ್ತೇನೆ. ಹತ್ತಕ್ಕೆ ನಾಲ್ಕರಲ್ಲಿ ಒಂದು ಭಾಗವೂ ಆಗಿರದಿದ್ದರೆ ಕಾರಣ ಎರಡರಲ್ಲಿ ಒಂದು, ಅದು ನೋಟ್‌ಬುಕ್‌ನಲ್ಲೇ ಕಾಣುತ್ತದೆ. ಬಟ್ಟೆ ರಾಶಿ ಬಿದ್ದಿದ್ದರೆ ಕೈ ಹಿಂದೆ ಬಿದ್ದಿದೆ: ಹೆಮ್ಮಿಂಗ್ ಜೊತೆ ಕಟಿಂಗ್ ಆದ ಬಟ್ಟೆಯ ತೋಳು ಜೋಡಿಸುವುದನ್ನೂ ಇನ್ನೊಬ್ಬರಿಗೆ ಕೊಡುವ ಹೊತ್ತು ಬಂದಿದೆ. ರಾಶಿಯೇ ಇಲ್ಲದಿದ್ದರೆ ಗಿರಾಕಿ ಕಡಿಮೆ: ಆರು ತಿಂಗಳಿಂದ ಬಾರದ ಮನೆಗಳ ಹೆಸರು ಅಳತೆ ಪುಸ್ತಕದಲ್ಲಿ ಹುಡುಕಿ ಫೋನ್ ಮಾಡುತ್ತೇನೆ.

ಗುರಿ ತಪ್ಪಿದ ತಿಂಗಳು ಯಾವುದು ಎಂಬುದನ್ನೂ ನೋಡಬೇಕು. ಜನವರಿಯಲ್ಲಿ ಹತ್ತು ಕಡಿಮೆಯಾದರೆ 3,600 ಹೋಯಿತು, ಗಂಟಿನಿಂದ ತುಂಬಬಹುದು. ಏಪ್ರಿಲ್‌ನಲ್ಲಿ ಇಪ್ಪತ್ತು ಕಡಿಮೆಯಾದರೆ ಮುಂದಿನ ಸಪ್ಪೆ ತಿಂಗಳುಗಳಿಗೆ ಕೂಡಿಡಬೇಕಾಗಿದ್ದ 7,200 ಬರಲೇ ಇಲ್ಲ, ಅದನ್ನು ತುಂಬಲು ಅಂಥ ಇನ್ನೊಂದು ತಿಂಗಳು ನವೆಂಬರ್‌ವರೆಗೆ ಎರಡೋ ಮೂರೋ ಮಾತ್ರ. ಜೋರು ತಿಂಗಳುಗಳಲ್ಲೇ ಸತತ ಎರಡು ಸಲ ಗುರಿಯ ಐದರಲ್ಲಿ ನಾಲ್ಕು ಭಾಗಕ್ಕಿಂತ ಕೆಳಗೆ ಬಿದ್ದರೆ ಮುಂದಿನ ಮಾರ್ಚ್‌ವರೆಗೆ ಕಾಯದೆ ಬೆಳಗಿನ ಅರ್ಧ ದಿನಕ್ಕೆ ಲೆಕ್ಕಪತ್ರದ ಕೆಲಸ ಹಿಡಿಯುವುದೆಂದು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದು, ಮನೆಯವರಿಗೂ ಓದಿ ಹೇಳಿದ್ದೇನೆ.